ಒಂದು ಎ ಪ್ಲಸ್ ತಪ್ಪಿದರೆ



ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮೇಲೆ ಭಾನುವಾರದ ಪೂಜೆ ಮುಗಿದಾಗ ಮಕ್ಕಳನ್ನು ಸನ್ಮಾನಿಸುವ ರೂಢಿ ನಮ್ಮ ಕಾಸರಗೋಡಿನ ಕಡೆ ಇದೆ. ಹೆಚ್ಚಾಗಿ ಕರೆಯುವುದು ‘ಫುಲ್ ಎ ಪ್ಲಸ್’ ಬಂದವರ ಹೆಸರನ್ನು. ಶಾಲೆ ಎಳೆದ ಈ ಗೆರೆಯನ್ನು ಚರ್ಚ್‌ನೊಳಗೂ ಎಳೆಯುವುದು ನ್ಯಾಯವೇ ಎಂದು ಯುವಜನರಾದ ನಾವು ಈ ಸಲ ಕೇಳಬಯಸುತ್ತೇವೆ.

ಕೇರಳದಲ್ಲಿ ಹಿಂದೆ ಹತ್ತನೇ ತರಗತಿಗೆ ರ‍್ಯಾಂಕ್ ಇತ್ತು. ಆ ಪೈಪೋಟಿ ನಿಲ್ಲಲಿ ಎಂದು 2005ರಲ್ಲಿ ಗ್ರೇಡ್ ಪದ್ಧತಿ ತಂದರು. ಅಂದಿನಿಂದ ಫಲಿತಾಂಶದ ಪಟ್ಟಿಯಲ್ಲಿ ಅಂಕ ಕಾಣುವುದಿಲ್ಲ, ಗ್ರೇಡ್ ಮಾತ್ರ ಕಾಣುತ್ತದೆ. ಈಗ ಫೇಲಾಗುವವರು ಬಹಳ ಕಡಿಮೆ. 2025ರಲ್ಲಿ ನೂರಕ್ಕೆ 99.5 ಮಂದಿ ತೇರ್ಗಡೆಯಾದರು. ಹಾಗಿದ್ದರೂ ಮಕ್ಕಳ ಭಯ ಹೋಗಲಿಲ್ಲ, ಅದು ಕೆಳಗಿನ ಗೆರೆಯಿಂದ ಮೇಲಿನ ಗೆರೆಗೆ ಹೋಗಿ ಕೂತಿತು. ಪಾಸಾದೆಯಾ ಎಂದು ಈಗ ಯಾರೂ ಕೇಳುವುದಿಲ್ಲ, ಫುಲ್ ಬಂತಾ ಎಂದು ಕೇಳುತ್ತಾರೆ.

ಈ ‘ಫುಲ್’ ಏನನ್ನು ಅಳೆಯುತ್ತದೆ ಎಂದು ಲೆಕ್ಕ ಹಾಕಿ ನೋಡೋಣ. ಪರೀಕ್ಷೆಗೆ ಹತ್ತು ವಿಷಯಗಳು. ಇಂಗ್ಲಿಷ್, ಗಣಿತ, ಸಮಾಜ ವಿಜ್ಞಾನಕ್ಕೆ ನೂರು ನೂರು ಅಂಕ, ಉಳಿದ ಏಳಕ್ಕೆ ಐವತ್ತು ಐವತ್ತು, ಒಟ್ಟು 650. ಒಂದು ವಿಷಯದಲ್ಲಿ ನೂರಕ್ಕೆ ತೊಂಬತ್ತು ಬಂದರೆ ಎ ಪ್ಲಸ್. ಇಬ್ಬರು ಹುಡುಗಿಯರನ್ನು ಊಹಿಸಿಕೊಳ್ಳಿ. ಮೊದಲನೆಯವಳಿಗೆ ಎಲ್ಲದರಲ್ಲೂ ಸರಿಯಾಗಿ ನೂರಕ್ಕೆ ತೊಂಬತ್ತು, ಅಂದರೆ 585. ಎರಡನೆಯವಳಿಗೆ ಒಂಬತ್ತು ವಿಷಯಗಳಲ್ಲಿ ನೂರಕ್ಕೆ ತೊಂಬತ್ತೆಂಟು, ಹಿಂದಿಯಲ್ಲಿ ಮಾತ್ರ ಐವತ್ತಕ್ಕೆ 44, ಅಂದರೆ ಒಟ್ಟು 632. ಇವಳಿಗೆ 47 ಅಂಕ ಹೆಚ್ಚು. ಆದರೂ ಹಿಂದಿಯಲ್ಲಿ ಒಂದೇ ಒಂದು ಅಂಕ ಕಡಿಮೆಯಾದ್ದರಿಂದ ಫ್ಲೆಕ್ಸ್‌ನಲ್ಲಿ ಬರುವ ಫೋಟೋ ಮೊದಲನೆಯವಳದ್ದು. ಎರಡನೆಯವಳ ಬಗ್ಗೆ ಚರ್ಚ್ ಅಂಗಳದಲ್ಲಿ ಕೇಳಿಬರುವ ಮಾತು, ‘ಪಾಪ, ಒಂದು ಹೋಯ್ತು.’

ಗ್ರೇಡನ್ನೇ ಪಾಯಿಂಟಿಗೆ ಇಳಿಸಿದರೆ ಎ ಪ್ಲಸ್‌ಗೆ ಒಂಬತ್ತು, ಎ ಗ್ರೇಡಿಗೆ ಎಂಟು. ಇವಳಿಗೆ 90ರಲ್ಲಿ 89. ಇಷ್ಟು ಗಳಿಸಿದ ಮಗು ‘ಹೋದದ್ದರ’ ಹೆಸರಿನಲ್ಲಿ ಗುರುತಾಗುತ್ತದೆ. ಬೇಡಿಕೆ ಹೆಚ್ಚಿರುವ ಶಾಲೆಯ ಪ್ಲಸ್ ವನ್ ಸೈನ್ಸ್ ಸೀಟಿಗೆ ಆ ಒಂದು ಪಾಯಿಂಟ್ ಮುಖ್ಯವಾಗಬಹುದು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸೀಟು ಹಂಚುವ ಕೆಲಸ ಚರ್ಚಿನದ್ದಲ್ಲ.

ಇನ್ನೊಂದು ಸಂಗತಿ. 2021ರಲ್ಲಿ ರಾಜ್ಯದಲ್ಲಿ 1,21,318 ಮಕ್ಕಳಿಗೆ ಫುಲ್ ಎ ಪ್ಲಸ್ ಬಂತು. ಮರುವರ್ಷ 44,363 ಮಕ್ಕಳಿಗೆ ಮಾತ್ರ. ಒಂದೇ ವರ್ಷದಲ್ಲಿ ನಮ್ಮ ಮಕ್ಕಳು ದಡ್ಡರಾದರೇ? ಇಲ್ಲ. ಕೋವಿಡ್ ಕಾರಣಕ್ಕೆ 2021ರ ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟಿದ್ದ ಸಡಿಲಿಕೆ ಮರುವರ್ಷ ಕಡಿಮೆಯಾಗಿತ್ತು. 2022ರಲ್ಲಿ ಪಟ್ಟಿಯಿಂದ ಹೊರಗುಳಿದ ಎಷ್ಟೋ ಮಕ್ಕಳು ಒಂದು ವರ್ಷ ಮೊದಲು ಪರೀಕ್ಷೆ ಬರೆದಿದ್ದರೆ ಒಳಗಿರುತ್ತಿದ್ದರು. ಹಾಗಾದರೆ ನಾವು ಶಾಲು ಹೊದಿಸುವುದು ಮಗುವಿನ ಶ್ರಮಕ್ಕೋ, ಆ ವರ್ಷದ ಪ್ರಶ್ನೆಪತ್ರಿಕೆಗೋ?

‘ಶ್ರಮಪಟ್ಟವರನ್ನು ಹೊಗಳಬಾರದೇ?’ ಎಂದು ಹಿರಿಯರು ಕೇಳಬಹುದು. ಖಂಡಿತ ಹೊಗಳಬೇಕು. ಬಡ ಮನೆಯ ಮಗುವಿಗೆ ಸಿಕ್ಕ ಒಂದು ಶಾಲು, ಒಂದು ಪುಸ್ತಕ ಎಷ್ಟು ಧೈರ್ಯ ಕೊಡುತ್ತದೆಂದು ನಮಗೂ ಗೊತ್ತು. ಆದರೆ ಶ್ರಮ ಗ್ರೇಡಿನಲ್ಲಿ ಕಾಣುವುದಿಲ್ಲ. ಟ್ಯೂಷನ್ ಇಲ್ಲದೆ, ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತ ಓದಿ ಸಿ ಪ್ಲಸ್ ತಂದವನ ಶ್ರಮವನ್ನು ಅಳೆಯುವ ಕಾಲಂ ಆ ಪಟ್ಟಿಯಲ್ಲಿ ಇಲ್ಲ. ಅದನ್ನು ಬಲ್ಲವರು ಅವನ ಮನೆಯವರು, ವಾಳೆಯವರು, ಅಂದರೆ ನಾವೇ.

ಸಂತ ಮತ್ತಾಯನ ಶುಭಸಂದೇಶದಲ್ಲಿ ತಲಾಂತುಗಳ ಸಾಮತಿ ಇದೆ. ಐದನ್ನು ಹತ್ತು ಮಾಡಿದವನಿಗೂ ಎರಡನ್ನು ನಾಲ್ಕು ಮಾಡಿದವನಿಗೂ ಯಜಮಾನ ಹೇಳಿದ ಮೆಚ್ಚುಗೆಯ ಮಾತು ಒಂದೇ. ಎಷ್ಟು ತಂದೆ ಎಂದು ಅವನು ಹೋಲಿಸಲಿಲ್ಲ. ಮೂರನೆಯವನು ಬೈಸಿಕೊಂಡದ್ದು ಕಡಿಮೆ ಗಳಿಸಿದ್ದಕ್ಕಲ್ಲ, ಹೆದರಿ ಮಣ್ಣಲ್ಲಿ ಹೂತಿಟ್ಟದ್ದಕ್ಕೆ. ಮಕ್ಕಳಲ್ಲಿ ಆ ಹೆದರಿಕೆಯನ್ನೇ ಬಿತ್ತುವ ಪಟ್ಟಿ ನಮಗೆ ಬೇಕೇ? ಹೊರಗುಳಿದ ಮಗು ಮುಂದಿನ ಭಾನುವಾರ ಪೂಜೆಗೆ ಬರಲು ಹಿಂದೇಟು ಹಾಕಿದರೆ, ಅಥವಾ ಹಿಂದಿನ ಬೆಂಚಿನಲ್ಲಿ ಕೂತು ಎಲ್ಲರಿಗಿಂತ ಮೊದಲು ಎದ್ದು ಹೋದರೆ, ಪೆಟ್ಟು ಬಿದ್ದದ್ದು ಎಲ್ಲಿಗೆಂದು ತಿಳಿಯುತ್ತದೆ.

ಆದ್ದರಿಂದ ನಮ್ಮ ಕೋರಿಕೆ ಇಷ್ಟೇ. ಈ ವರ್ಷ ಹತ್ತನೇ ತರಗತಿ ಬರೆದ ಎಲ್ಲ ಮಕ್ಕಳನ್ನೂ ವಾಳೆವಾರು ಕರೆಯೋಣ. ಗ್ರೇಡ್ ಓದುವುದು ಬೇಡ, ಹೆಸರೂ ಮನೆಯವರ ಹೆಸರೂ ಸಾಕು. ಎಲ್ಲರಿಗೂ ಒಂದೇ ಪುಸ್ತಕ ಕೊಡೋಣ. ಫ್ಲೆಕ್ಸ್‌ಗೆ ಎತ್ತಿಟ್ಟ ಹಣ ಪ್ಲಸ್ ವನ್ ಸೀಟು ಸಿಗದವರ ಐಟಿಐ, ಪಾಲಿಟೆಕ್ನಿಕ್ ಅರ್ಜಿಗಳ ಖರ್ಚಿಗಾಗಲಿ. ಅರ್ಜಿ ತುಂಬಿಕೊಡಲು ಯುವಜನರು ಪೂಜೆಯ ನಂತರ ಸಭಾಭವನದಲ್ಲಿ ಇರುತ್ತೇವೆ.