ಗದಾಯುದ್ಧವನ್ನು ಗದ್ಯಕ್ಕೆ ತಿರುಗಿಸುವವನ ಹೊಣೆ

ಹಳೆಯ ಕಾವ್ಯವೊಂದನ್ನು ಹೊಸಗನ್ನಡದ ಗದ್ಯಕ್ಕೆ ತಿರುಗಿಸಿ ಶಾಲೆಯ ಮಕ್ಕಳಿಂದ ಆಡಿಸುವುದು ಯೋಗ್ಯವೇ ಅಯೋಗ್ಯವೇ ಎಂಬ ವಾದ ಇಂದಿನದಲ್ಲ. ತಿಳಿಯದ ಪದ್ಯವನ್ನು ಮಕ್ಕಳ ಬಾಯಲ್ಲಿ ಉರುಹೊಡೆಸುವುದರಿಂದ ಫಲವೇನೆಂದು ಒಬ್ಬರೆನ್ನುವರು. ಪದ್ಯವನ್ನು ಒಡೆದ ಮೇಲೆ ಕವಿಯಲ್ಲಿ ಉಳಿಯುವುದೇನೆಂದು ಮತ್ತೊಬ್ಬರೆನ್ನುವರು. ಇಬ್ಬರ ಮಾತಿನಲ್ಲಿಯೂ ಹುರುಳುಂಟು. ಆದರೆ ನಿಜವಾದ ಪ್ರಶ್ನೆ ಇದಕ್ಕಿಂತ ಮುಂದೆ ಇದೆ. ತಿರುಗಿಸುವವನು ಪಾತ್ರದ ಬಾಯಿಂದ ಆತನು ಆಡದ ಮಾತನ್ನು ಆಡಿಸಬಹುದೇ? ಆಡಿಸಿದರೆ ಅದು ಯಾರಿಗೆ ಮಾಡಿದ ಅನ್ಯಾಯ?

ಇದನ್ನು ಗಾಳಿಯಲ್ಲಿ ವಿಚಾರಿಸದೆ ಒಂದು ಉದಾಹರಣೆಯ ಮೇಲೆ ನಿಲ್ಲಿಸಿ ನೋಡುವುದು ಲೇಸು. ರನ್ನನ ಗದಾಯುದ್ಧವು ಹತ್ತು ಆಶ್ವಾಸಗಳ ಚಂಪೂಕಾವ್ಯ. ಅದರಲ್ಲಿ ಅಡಗಿದ್ದ ನಾಟಕವನ್ನು ಕಂಡು, ರನ್ನನ ಪದ್ಯಗಳನ್ನೇ ಜೋಡಿಸಿ, ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ‘ಗದಾಯುದ್ಧ ನಾಟಕಂ’ ಎಂಬ ಹಳಗನ್ನಡ ನಾಟಕವನ್ನು ಹೊರತಂದರು. ಕಾವ್ಯದಲ್ಲಿ ನಾಯಕನು ಭೀಮ. ನಾಟಕದಲ್ಲಿ ಓದುಗನ ಕಣ್ಣು ದುರ್ಯೋಧನನ ಮೇಲೆಯೇ ನಿಲ್ಲುತ್ತದೆ. ಈ ನಾಟಕವನ್ನು ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಶಾಲೆಯ ಅಂಗಳವೊಂದರಲ್ಲಿ ಮಕ್ಕಳು ಆಡುವರೆಂದೂ, ಅದಕ್ಕಾಗಿ ಗುರುಗಳೊಬ್ಬರು ಅದನ್ನು ಗದ್ಯಕ್ಕೆ ತಿರುಗಿಸಲು ಕುಳಿತಿರುವರೆಂದೂ ಭಾವಿಸೋಣ.

ಶರಶಯ್ಯೆಯ ದೃಶ್ಯವನ್ನೇ ತೆಗೆದುಕೊಳ್ಳಬಹುದು. ತಮ್ಮಂದಿರನ್ನೂ ಮಗನನ್ನೂ ಕರ್ಣನನ್ನೂ ಕಳೆದುಕೊಂಡ ದುರ್ಯೋಧನನು ಭೀಷ್ಮರ ಬಳಿಗೆ ಬರುತ್ತಾನೆ. ಭೀಷ್ಮರು ಸಂಧಿಯ ಮಾತೆತ್ತುತ್ತಾರೆ. ಅದಕ್ಕೆ ಆತನು ಕೊಡುವ ಉತ್ತರ ಒಂದು ಕಂದಪದ್ಯ, ನಾಲ್ಕೇ ಸಾಲು. ನಾನು ಕಾದುವುದು ನೆಲಕ್ಕೆಂದು ಎಣಿಸಿದಿರಾ, ಅಲ್ಲ, ಛಲಕ್ಕೆ. ಕರ್ಣನನ್ನು ಕೊಲಿಸಿದ ಈ ನೆಲ ನನಗೆ ಪಾಳು, ಇದರೊಡನೆ ಮತ್ತೆ ಕೂಡಿ ಬಾಳುವೆನೇ ಎಂಬುದು ಅದರ ತಾತ್ಪರ್ಯ.

ಗುರುಗಳಿಗೆ ಮೊದಲ ತೊಡಕು ‘ಇಱಿ’ ಎಂಬ ಧಾತುವಿನಲ್ಲಿ. ಹಳಗನ್ನಡದಲ್ಲಿ ಅದಕ್ಕೆ ಕಾದು, ಹೋರಾಡು ಎಂಬ ಅರ್ಥವಿದೆ. ಹೊಸಗನ್ನಡದಲ್ಲಿ ‘ಇರಿಯುತ್ತೇನೆ’ ಎಂದರೆ ಸಭೆಗೆ ಚೂರಿಯೇ ಕಾಣುವುದು. ಪದವನ್ನು ಉಳಿಸಿದರೆ ಅರ್ಥ ಹೋಗುತ್ತದೆ; ಅರ್ಥವನ್ನು ಉಳಿಸಬೇಕಾದರೆ ಪದವನ್ನು ಬಿಡಬೇಕು. ಇಲ್ಲಿ ‘ಕಾದುತ್ತೇನೆ’ ಎಂದೋ ‘ಹೋರಾಡುತ್ತೇನೆ’ ಎಂದೋ ಬರೆಯುವುದು ಕವಿಗೆ ನಿಷ್ಠೆಯೇ ಹೊರತು ದ್ರೋಹವಲ್ಲ.

ಎರಡನೆಯ ತೊಡಕು ‘ಛಲ’. ಮಕ್ಕಳಿಗೆ ಸುಲಭವಾಗಲೆಂದು ಇದನ್ನು ‘ಹಟ’ ಎಂದು ತಿರುಗಿಸುವ ಆಸೆ ಹುಟ್ಟುತ್ತದೆ. ಆದರೆ ಹಟವೆಂಬುದು ಊಟ ಬೇಡವೆನ್ನುವ ಕೂಸಿಗೂ ಸಲ್ಲುವ ಮಾತು. ಅದರಲ್ಲಿ ನಿಂದೆ ಮೊದಲೇ ಸೇರಿಕೊಂಡಿದೆ. ಛಲದಲ್ಲಿ ನಿಂದೆಯೂ ಇದೆ, ಮೆಚ್ಚಿಗೆಯೂ ಇದೆ. ಯಾವುದು ಹೆಚ್ಚೆಂಬುದನ್ನು ಕೇಳುವವನು ತೂಗಿ ನೋಡಬೇಕು. ‘ಹಟ’ ಎಂದು ಬರೆದವನು ಆ ತಕ್ಕಡಿಯನ್ನು ಸಭೆಯ ಕೈಯಿಂದ ಕಿತ್ತುಕೊಂಡು ತಾನೇ ತೀರ್ಪು ಹೇಳಿದಂತಾಯಿತು. ಅದಲ್ಲದೆ ಕಂದದ ಪ್ರಾಸದಿಂದಾಗಿ ನೆಲ, ಛಲ ಎಂಬ ಎರಡು ಪದಗಳು ಎದುರುಬದುರಾಗಿ ನಿಂತಿವೆ. ಛಂದಸ್ಸು ಹೋದರೂ ಈ ಜೋಡಿ ಗದ್ಯದಲ್ಲಿಯೂ ಹಾಗೆಯೇ ನಿಲ್ಲಬಲ್ಲುದು. ಎರಡೂ ಇಂದಿಗೂ ಮನೆಮಾತು. ಹೀಗಿರುವಾಗ ನೆಲವನ್ನು ಒಮ್ಮೆ ‘ಭೂಮಿ’ಯೆಂದು, ಒಮ್ಮೆ ‘ರಾಜ್ಯ’ವೆಂದು ಬದಲಿಸಿ ಬರೆಯುವುದು ಅಂದವಲ್ಲ. ಕವಿ ಅದೊಂದೇ ಪದವನ್ನು ಮತ್ತೆ ಮತ್ತೆ ಕುಟ್ಟಿ ನುಡಿಸಿದ್ದಾನೆ. ಆ ಕುಟ್ಟುವಿಕೆಯಲ್ಲಿಯೇ ಸಂಕಟವಿದೆ.

ಮೂರನೆಯದು ಎಲ್ಲಕ್ಕೂ ಸೂಕ್ಷ್ಮವಾದುದು. ಕವಿ ಹೇಳಿದ್ದು ಕರ್ಣನನ್ನು ‘ಕೊಲಿಸಿದ’ ನೆಲವೆಂದು. ಕರ್ಣನು ‘ಸತ್ತ’ ನೆಲವೆಂದಲ್ಲ. ರಥದ ಗಾಲಿಯನ್ನು ನುಂಗಿ ಆತನನ್ನು ಶತ್ರುವಿಗೆ ಒಪ್ಪಿಸಿದ್ದು ನೆಲ. ಆ ನೆಲದ ಆಸೆಯಿಂದಲೇ ಯುದ್ಧ ಹುಟ್ಟಿದ್ದು, ಆ ಯುದ್ಧವನ್ನು ಹೂಡಿದವನು ತಾನೇ. ‘ಕೊಲಿಸು’ ಎಂಬ ಒಂದು ಪ್ರೇರಣಾರ್ಥಕ ರೂಪದಲ್ಲಿ ಆಪಾದನೆಯೂ ಅಡಗಿದೆ, ಬಾಯಿಬಿಟ್ಟು ಹೇಳಲಾಗದ ಪಶ್ಚಾತ್ತಾಪದ ನೆರಳೂ ಬಿದ್ದಿದೆ. ‘ಕರ್ಣನು ಸತ್ತ ಈ ನೆಲ’ ಎಂದು ಬರೆದರೆ ವ್ಯಾಕರಣ ತಪ್ಪಲಿಲ್ಲ, ಕಥೆ ತಪ್ಪಲಿಲ್ಲ, ತಪ್ಪಿದ್ದು ಮನುಷ್ಯ. ಒಂದು ಪ್ರತ್ಯಯ ಬಿಟ್ಟುದರಿಂದ ದುರ್ಯೋಧನನ ಎದೆಯೇ ಕಾಣದಂತಾಯಿತು.

ಇನ್ನೊಂದು ವಿಚಿತ್ರವೂ ಇದೆ. ರನ್ನನ ದುರ್ಯೋಧನನು ಭೀಷ್ಮರನ್ನು ‘ಅಜ್ಜ’ ಎಂದು ಕರೆಯುತ್ತಾನೆ. ಗದ್ಯಕ್ಕೆ ತಿರುಗಿಸುವವನ ಕೈ, ರಾಜರ ಮಾತೆಂಬ ಭ್ರಮೆಯಿಂದ, ‘ಪೂಜ್ಯ ಪಿತಾಮಹರೇ’ ಎಂದು ಬರೆದುಬಿಡುತ್ತದೆ. ಹಳೆಯ ಕವಿ ಮನೆಗೆ ಹತ್ತಿರವಾಗಿದ್ದಾನೆ. ಹೊಸ ಗದ್ಯವೇ ದೂರ ನಿಂತಿದೆ! ಸ್ಟೇಶನ್ ಬಜಾರದ ಹುಡುಗನು ತನ್ನ ಮನೆಯಲ್ಲಿ ಆಡುವ ‘ಅಜ್ಜ’ ಎಂಬ ಮಾತನ್ನೇ ರಂಗದ ಮೇಲೆ ಆಡಬಹುದಾಗಿದ್ದರೂ, ಸುಲಭಗೊಳಿಸುವ ನೆಪದಿಂದ ಅದನ್ನು ಅವನಿಂದ ಕಸಿದುಕೊಂಡಂತಾಗುತ್ತದೆ. ಇದೇ ಜಿಲ್ಲೆಯ ಮಳಖೇಡದ ಅರಸರ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು, ಕನ್ನಡ ಸಂಸ್ಕೃತಗಳನ್ನು ಹದವರಿಯದೆ ಬೆರಸುವುದನ್ನು ಕಾದ ಹಾಲಿಗೆ ಬಿದ್ದ ಮಜ್ಜಿಗೆಯ ಹನಿಗೆ ಹೋಲಿಸಿತು. ಆ ಎಚ್ಚರಿಕೆ ಇಲ್ಲಿಗೂ ಸಲ್ಲುತ್ತದೆ.

ಪದ್ಯದಲ್ಲಿ ಪಾತ್ರದ ಮಾತಾಗಿರದೆ ಕವಿಯ ಮಾತಾಗಿರುವುದನ್ನು ಏನು ಮಾಡಬೇಕೆಂಬ ಪ್ರಶ್ನೆ ಬೇರೆ. ಕೊಳದಲ್ಲಿ ಅಡಗಿದ್ದ ದುರ್ಯೋಧನನು ಭೀಮನ ಗರ್ಜನೆಯನ್ನು ಕೇಳಿ ನೀರಿನೊಳಗಿದ್ದೂ ಬೆವತನೆಂದು ರನ್ನನು ಹೇಳುತ್ತಾನೆ. ಕೊಳದ ದಡದಲ್ಲಿರುವ ಭೀಮನಿಗೆ ಆ ಬೆವರು ಕಾಣದು; ಆದುದರಿಂದ ಅವನು ಹೇಳುವಂತಿಲ್ಲ. ದುರ್ಯೋಧನನೇ ‘ನಾನು ಬೆವತೆ’ ಎಂದರೆ ಸಭೆ ಅದನ್ನು ಅಂಜಿಕೆಯೆಂದು ತಿಳಿಯುತ್ತದೆ, ನಗುತ್ತದೆ. ಆದರೆ ಕವಿ ಅಲ್ಲಿಯೇ ಆತನ ಕಣ್ಣು ಕೋಪದಿಂದ ಕೆಂಪಾದುದನ್ನು ಹೇಳಿದ್ದಾನೆ. ಆ ಬೆವರು ರೋಷದ ಕಾವಿನದು. ಇದನ್ನು ಸೂತ್ರಧಾರನ ಬಾಯಿಗೆ, ಕಣ್ಣಿನ ಕೆಂಪನ್ನು ಬಿಡದೆ, ಕೊಡುವುದೊಂದೇ ನೆಟ್ಟಗಿನ ದಾರಿ.

ಆ ಸೂತ್ರಧಾರನಿಂದಲೇ ಕಡೆಯ ಪ್ರಲೋಭನೆಯೂ ಹುಟ್ಟುತ್ತದೆ. ತೊಡೆ ಮುರಿದು ಬಿದ್ದ ಅರಸನನ್ನು ತೋರಿಸಿ ‘ನೋಡಿದಿರಾ ಮಕ್ಕಳೇ, ಕೆಟ್ಟವನಿಗೆ ಕೇಡು ತಪ್ಪದು’ ಎಂದು ಅವನಿಂದ ಹೇಳಿಸಿ ತೆರೆ ಎಳೆಯುವುದು ಸುಲಭ. ಶಾಲೆಯಲ್ಲಿ ನೀತಿ ಬೇಡವೇ ಎಂದು ಕೇಳುವವರುಂಟು. ಬೇಕು. ಆದರೆ ಆ ತೊಡೆಗೆ ಬಿದ್ದ ಪೆಟ್ಟು ಗದಾಯುದ್ಧದ ಧರ್ಮಕ್ಕೆ ಹೊರಗಾದದ್ದೆಂಬುದನ್ನೂ, ದ್ರೌಪದಿಗೆ ಆದ ಅವಮಾನ ಅದಕ್ಕಿಂತ ಹಿಂದಿನದೆಂಬುದನ್ನೂ ಒಟ್ಟಿಗೆ ಎದುರಿಸಿದ ಹುಡುಗನೇ ನೀತಿಯನ್ನು ತಾನಾಗಿ ಯೋಚಿಸುವವನು. ಉತ್ತರವನ್ನು ಕೈಗಿತ್ತು ಕಳುಹಿಸಿದರೆ ಪ್ರಶ್ನೆ ಅವನಿಗೆ ದಕ್ಕುವುದಿಲ್ಲ.

ಆದುದರಿಂದ ಗದ್ಯಕ್ಕೆ ತಿರುಗಿಸುವುದು ದೋಷವಲ್ಲ. ಛಂದಸ್ಸನ್ನು ಬಿಡಬಹುದು, ಸತ್ತ ಪದವನ್ನು ಬಿಡಬಹುದು, ಮಕ್ಕಳ ಉಸಿರಿಗೆ ಮೀರಿದ ಉದ್ದವನ್ನೂ ಕತ್ತರಿಸಬಹುದು. ಬಿಡಬಾರದ್ದು ಒಂದೇ: ಪಾತ್ರಕ್ಕೆ ಕವಿ ಕೊಟ್ಟ ವಾದ. ತಿರುಗಿಸಿದವನು ತನ್ನ ಗದ್ಯವನ್ನು ಮೂಲದ ಪಕ್ಕದಲ್ಲಿಟ್ಟು ಒಂದು ಪರೀಕ್ಷೆ ಮಾಡಿಕೊಳ್ಳಲಿ. ಮೂಲದಲ್ಲಿ ತಲೆದೂಗಿಸಿದ ಮಾತಿಗೆ ತನ್ನಲ್ಲಿ ಸಭೆ ನಗುವಂತಿದ್ದರೆ, ಅಥವಾ ಮೂಲದಲ್ಲಿ ತೀರದ ವ್ಯಾಜ್ಯ ತನ್ನಲ್ಲಿ ತೀರಿಹೋಗಿದ್ದರೆ, ಎಲ್ಲೋ ಒಂದು ಪದ ಜಾರಿದೆಯೆಂದೇ ತಿಳಿಯಬೇಕು. ದುರ್ಯೋಧನನು ಎದ್ದು ಬಂದು ತನ್ನ ಪರವಾಗಿ ಮಾತನಾಡಲಾರನು. ಆತನ ಮಾತನ್ನು ಕಾಯುವ ಹೊಣೆ ಲೇಖನಿ ಹಿಡಿದವನದೇ.