ಬೀಜವಿಲ್ಲದೆ ಬೇರೆಯಾಗುವುದು

ಚಳಿಗಾಲದಲ್ಲಿ ರಾತ್ರಿ ಕಾಯಿಸಿ ಸೋಸಿಟ್ಟ ತುಪ್ಪ ಬೆಳಗಾಗುವಷ್ಟರಲ್ಲಿ ಮರಳುಮರಳಾಗಿರುತ್ತದೆ. ತಾನಾಗಿ ನಿಧಾನಕ್ಕೆ ಆರಿದರೆ ಹರಳು ದಪ್ಪ. ಅವಸರಪಟ್ಟು ಫ್ರಿಜ್ಜಿನಲ್ಲಿಟ್ಟರೆ ಹರಳೇ ಕಾಣದಂತೆ ನುಣ್ಣಗೆ ಗಟ್ಟಿಯಾಗುತ್ತದೆ. ನಿಧಾನಕ್ಕೆ ಆರುವಾಗ ಅಲ್ಲೊಂದು ಇಲ್ಲೊಂದು ಬೀಜ ಹುಟ್ಟಿ, ಸುತ್ತಲಿನ ಕೊಬ್ಬನ್ನೆಲ್ಲ ಸೆಳೆದುಕೊಂಡು ದಪ್ಪಗಾಗುತ್ತದೆ. ತಟ್ಟನೆ ಆರಿದಾಗ ಬೀಜಗಳು ಲೆಕ್ಕವಿಲ್ಲದಷ್ಟು, ಬೆಳೆಯಲು ಜಾಗ ಯಾವುದಕ್ಕೂ ಇಲ್ಲ. ಬೀಜ ಹುಟ್ಟಿ ಬೆಳೆಯುವ ಈ ದಾರಿಗೆ ವಿಜ್ಞಾನದಲ್ಲಿ ನ್ಯೂಕ್ಲಿಯೇಷನ್ ಎಂದು ಹೆಸರು. ಮಿಶ್ರಣವೊಂದು ಬೇರೆಯಾಗಲು ಎಲ್ಲೋ ಒಂದು ಕಡೆ ಶುರುವಾಗಲೇಬೇಕು ಎಂದು ಇದನ್ನು ನೋಡಿದ ನಮಗೆ ಅನ್ನಿಸುತ್ತದೆ. ಆದರೆ ಎಲ್ಲಿಯೂ ಶುರುವಾಗದೆ, ಎಲ್ಲ ಕಡೆಯೂ ಏಕಕಾಲಕ್ಕೆ ಬೇರೆಯಾಗುವ ಇನ್ನೊಂದು ದಾರಿಯಿದೆ. ಅದು ಸ್ಪೈನೋಡಲ್ ವಿಭಜನೆ.

ಯಾವ ಮಿಶ್ರಣ ಯಾವ ದಾರಿ ಹಿಡಿಯುತ್ತದೆ ಎಂಬುದನ್ನು ಒಂದು ಗೆರೆ ನಿರ್ಧರಿಸುತ್ತದೆ. ಅದು ಮುಕ್ತ ಶಕ್ತಿಯ ರೇಖೆ. ಅಡ್ಡಕ್ಕೆ ಮಿಶ್ರಣದ ಪ್ರಮಾಣ, ಉದ್ದಕ್ಕೆ ಅದರ ಮುಕ್ತ ಶಕ್ತಿ. ನೀರು ಇಳಿಜಾರಿನತ್ತ ಹರಿಯುವಂತೆ ವಸ್ತು ಈ ಶಕ್ತಿ ಕಡಿಮೆಯಾಗುವ ಕಡೆಗೆ ಸರಿಯುತ್ತದೆ. ಒಂದಕ್ಕೊಂದು ಅಷ್ಟಾಗಿ ಒಗ್ಗದ ಎರಡು ದ್ರವಗಳನ್ನು ತಣಿಸಿದಾಗ ಈ ರೇಖೆಯಲ್ಲಿ ಎರಡು ತಗ್ಗುಗಳು, ನಡುವೆ ಒಂದು ಉಬ್ಬು ಮೂಡುತ್ತವೆ.

ಪಠ್ಯಪುಸ್ತಕದ ಸರಳ ಮಾದರಿಯಲ್ಲಿ, ಒಗ್ಗದಿರುವಿಕೆಯ ಅಂಕ 2.5 ಎಂದಿಟ್ಟುಕೊಂಡು ಲೆಕ್ಕ ಮಾಡೋಣ. ಸಮಸಮ ಬೆರೆತ ಮಿಶ್ರಣ ಸೊನ್ನೆಯಿಂದ 68 ಅಂಶ ಆಳದಲ್ಲಿರುತ್ತದೆ. ಅಣುಗಳು ಎಂದಿನಂತೆ ಅಲುಗಾಡುವಾಗ ಒಂದು ಮೂಲೆಯಲ್ಲಿ ಪ್ರಮಾಣ ಶೇ 60 ಆಗಿ, ಪಕ್ಕದಲ್ಲಿ ಶೇ 40ಕ್ಕೆ ಇಳಿಯಿತು ಎನ್ನಿ. ಆ ಎರಡೂ ಜಾಗಗಳ ಆಳ 73. ಅಂದರೆ ಸ್ವಲ್ಪ ಬೇರೆಯಾದರೂ ಲಾಭವೇ, ಇನ್ನಷ್ಟು ಬೇರೆಯಾದರೆ ಇನ್ನಷ್ಟು ಲಾಭ. ತಡೆಯುವುದು ಯಾವುದೂ ಇಲ್ಲ.

ಈಗ ಶೇ 20ರ ಮಿಶ್ರಣ ತೆಗೆದುಕೊಳ್ಳಿ. ಅದರ ಆಳ 100. ಅದು ಶೇ 15 ಮತ್ತು ಶೇ 25 ಆಗಿ ಒಡೆದರೆ ಆಳಗಳು 104 ಮತ್ತು 94, ಸರಾಸರಿ 99. ಒಂದು ಅಂಶ ನಷ್ಟ, ಹಾಗಾಗಿ ಎದ್ದ ಏರುಪೇರು ತಾನಾಗಿ ಅಡಗುತ್ತದೆ. ಹಾಗೆಂದು ಈ ಮಿಶ್ರಣ ನೆಮ್ಮದಿಯಾಗಿದೆ ಎನ್ನುವಂತಿಲ್ಲ. ಒಂದೇ ನೆಗೆತಕ್ಕೆ ಶೇ 14.5 ಮತ್ತು ಶೇ 85.5 ಆಗಿ ಒಡೆದರೆ ಎರಡೂ ಕಡೆ ಆಳ 104. ಕೊನೆಯಲ್ಲಿ ಲಾಭವಿದೆ, ಮೊದಲ ಹೆಜ್ಜೆಯಲ್ಲಿ ನಷ್ಟ. ರೇಖೆ ಬಟ್ಟಲಿನಂತೆ ಬಾಗಿರುವಲ್ಲಿ ಹೀಗೆ, ಉಬ್ಬಿರುವಲ್ಲಿ ಹಿಂದಿನಂತೆ. ಬಟ್ಟಲು ಉಬ್ಬಾಗಿ ತಿರುಗುವ ಬಿಂದುವೇ ಸ್ಪೈನೋಡಲ್ ಗಡಿ. ನಮ್ಮ ಲೆಕ್ಕದಲ್ಲಿ ಅದು ಸುಮಾರು ಶೇ 27.6.

ಗಡಿಯ ಹೊರಗಿರುವ ಮಿಶ್ರಣಕ್ಕೆ ಆ ನೆಗೆತವೇ ಬೀಜ. ಹೊಸ ಪ್ರಮಾಣದ ಪುಟ್ಟ ಹನಿಯೊಂದು ಹುಟ್ಟಬೇಕು, ಅದಕ್ಕೊಂದು ಮೈ ಬೇಕು, ಆ ಮೈಗೆ ಶಕ್ತಿ ತೆರಬೇಕು. ಹನಿಯ ತ್ರಿಜ್ಯ ಎರಡರಷ್ಟಾದರೆ ಮೈಯ ಖರ್ಚು ನಾಲ್ಕು ಪಟ್ಟು, ಒಳಗಿನ ಲಾಭ ಎಂಟು ಪಟ್ಟು. ಆದ್ದರಿಂದ ತೀರಾ ಸಣ್ಣ ಹನಿ ಕರಗಿಹೋಗುತ್ತದೆ, ಒಂದು ಗಾತ್ರ ದಾಟಿದ್ದು ಉಳಿದು ಬೆಳೆಯುತ್ತದೆ. ಧೂಳಿನ ಕಣವೋ ಪಾತ್ರೆಯ ಗೀರೋ ಸಿಕ್ಕಿದರೆ ಮೈಯ ಖರ್ಚು ಕಡಿಮೆಯಾಗುವುದರಿಂದ ಬೀಜ ಹೆಚ್ಚಾಗಿ ಅಲ್ಲೇ ಕೂರುತ್ತದೆ.

ಅಮೆರಿಕದ ಗಿಬ್ಸ್ 1870ರ ದಶಕದಲ್ಲೇ ಈ ಎರಡು ಬಗೆಯ ಬದಲಾವಣೆಗಳನ್ನು ಬೇರ್ಪಡಿಸಿ ಹೇಳಿದ್ದ. ಒಂದು, ಚಿಕ್ಕ ಜಾಗದಲ್ಲಿ ಆಗುವ ದೊಡ್ಡ ಬದಲಾವಣೆ. ಇನ್ನೊಂದು, ವಿಶಾಲ ಜಾಗದಲ್ಲಿ ಹರಡಿದ ಸಣ್ಣ ಬದಲಾವಣೆ. ಎರಡನೆಯದಕ್ಕೆ ಪೂರ್ತಿ ಲೆಕ್ಕ ಒದಗಿದ್ದು ಜಾನ್ ಕಾನ್ ಅವರಿಂದ, 1961ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು ಹಿಲಿಯರ್ಡ್ ಜತೆಗೂಡಿ ಅವರು ಒಂದು ಮಾತು ಸೇರಿಸಿದ್ದರು: ಪ್ರಮಾಣ ಜಾಗದಿಂದ ಜಾಗಕ್ಕೆ ಬದಲಾಗುವುದಕ್ಕೂ ಶಕ್ತಿಯ ಖರ್ಚಿದೆ, ಬದಲಾವಣೆ ಕಡಿದಾದಷ್ಟೂ ಖರ್ಚು ಹೆಚ್ಚು. ಹಾಗಾಗಿ ತೀರಾ ಒತ್ತಾದ ಅಲೆಗಳು ಏಳಲಾರವು. ತೀರಾ ಅಗಲದ ಅಲೆ ಏಳಬಹುದು, ಆದರೆ ಅಣುಗಳು ಅಷ್ಟು ದೂರ ನಡೆಯುವುದು ತಡವಾಗುತ್ತದೆ. ನಡುವಿನ ಯಾವುದೋ ಒಂದು ಅಳತೆಯ ಅಲೆ ಎಲ್ಲವನ್ನೂ ಹಿಂದೆ ಹಾಕಿ ಬೆಳೆಯುತ್ತದೆ. ಇಲ್ಲಿ ಅಣುಗಳು ನಡೆಯುವುದೂ ತಿರುವುಮುರುವು: ಕಡಿಮೆಯಿರುವಲ್ಲಿಂದ ಹೆಚ್ಚಿರುವಲ್ಲಿಗೆ.

ಅಂಥ ಅಲೆಗಳು ಎಲ್ಲ ದಿಕ್ಕಿನಿಂದ ಬಂದು ಒಂದರ ಮೇಲೊಂದು ಬಿದ್ದರೆ ಹೇಗೆ ಕಾಣುತ್ತದೆ ಎಂದು ಕಾನ್ 1965ರಲ್ಲಿ ಲೆಕ್ಕ ಹಾಕಿ ಚಿತ್ರ ಬಿಡಿಸಿದರು. ಬಂದದ್ದು ಹನಿಗಳಲ್ಲ; ಸ್ಪಂಜಿನಂತೆ ಒಂದರೊಳಗೊಂದು ಹೆಣೆದುಕೊಂಡ ಎರಡು ಜಾಲ. ಅಂಥ ಹೆಣಿಗೆಯನ್ನು ಗಾಜಿನವರು ಆಗಲೇ ಬಳಸುತ್ತಿದ್ದರು. 1930ರ ದಶಕದಲ್ಲಿ ಕಾರ್ನಿಂಗ್ ಕಾರ್ಖಾನೆಯ ಹುಡ್ ಮತ್ತು ನಾರ್ಡ್‌ಬರ್ಗ್ ಕಂಡುಕೊಂಡ ವೈಕಾರ್ ಗಾಜು ಅದು. ಸಿಲಿಕಾ, ಬೋರಾನ್ ಆಕ್ಸೈಡ್, ಸೋಡಾ ಬೆರೆಸಿ ಕರಗಿಸಿ, ಬೇಕಾದ ಆಕಾರ ಕೊಟ್ಟು, 500ರಿಂದ 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಯಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಒಳಗೆ ಸಿಲಿಕಾ ಒಂದು ಜಾಲ, ಸೋಡಾ ಬೋರೇಟು ಇನ್ನೊಂದು ಜಾಲವಾಗುತ್ತದೆ. ಆಮೇಲೆ ಬಿಸಿ ಆಮ್ಲದಲ್ಲಿ ಮುಳುಗಿಸಿದರೆ ಬೋರೇಟಿನ ಜಾಲವೆಲ್ಲ ಕರಗಿ ಹೊರಬಂದು, ಶೇ 96ರಷ್ಟು ಸಿಲಿಕಾದ ರಂಧ್ರಮಯ ಗಾಜು ಉಳಿಯುತ್ತದೆ. ರಂಧ್ರಗಳ ಅಗಲ ಸುಮಾರು 4 ನ್ಯಾನೋಮೀಟರ್. ಅದನ್ನು ಇನ್ನೂ ಹೆಚ್ಚಿನ ಬಿಸಿಯಲ್ಲಿ ಸುಟ್ಟರೆ ಗಾತ್ರದಲ್ಲಿ ಮೂರನೇ ಒಂದರಷ್ಟು ಕುಗ್ಗಿ ರಂಧ್ರ ಮುಚ್ಚಿ, ತಿಳಿಗಾಜಾಗುತ್ತದೆ. ಬೋರೇಟು ಒಂಟಿ ಒಂಟಿ ಹನಿಗಳಾಗಿ ಸಿಲಿಕಾದೊಳಗೆ ಹುದುಗಿದ್ದಿದ್ದರೆ ಆಮ್ಲಕ್ಕೆ ಮೇಲ್ಮೈಯ ಹನಿಗಳಷ್ಟೇ ಸಿಗುತ್ತಿದ್ದವು.

ಹಾಗಾದರೆ ಜಾಲ ಕಂಡಲ್ಲೆಲ್ಲ ಸ್ಪೈನೋಡಲ್ ಎನ್ನಬಹುದೇ? ಆಗದು. ಬೀಜದಿಂದ ಹುಟ್ಟಿದ ಹನಿಗಳು ದಟ್ಟವಾಗಿ ಒಂದಕ್ಕೊಂದು ತಾಗಿ ಬೆಸೆದುಕೊಂಡರೂ ಜಾಲದಂತೆಯೇ ಕಾಣುತ್ತದೆ. ಇತ್ತ ಗಡಿಯ ಒಳಗೇ, ಆದರೆ ಗಡಿಗೆ ಹತ್ತಿರದ ಪ್ರಮಾಣದಲ್ಲಿ ಶುರುವಾದ ಸ್ಪೈನೋಡಲ್ ಜಾಲವೂ ಕೊನೆಗೆ ಹನಿಹನಿಯಾಗಬಹುದು. ವೈಕಾರ್ ಬಗೆಯ ಗಾಜುಗಳ ಬಗ್ಗೆಯೇ ಈ ವಾದ ನಡೆದಿದೆ. ಮುಗಿದ ವಸ್ತುವಿನ ಒಂದು ಚಿತ್ರ ಇಟ್ಟುಕೊಂಡು ಅದು ಬಂದ ದಾರಿ ಹೇಳಲಾಗದು. ಆರಂಭವನ್ನು ಹಿಡಿಯಬೇಕು. ಬೀಜದ ದಾರಿಯಲ್ಲಿ ಹನಿಯೊಳಗಿನ ಪ್ರಮಾಣ ಹುಟ್ಟಿದಾಗಲೇ ಹೆಚ್ಚೂಕಡಿಮೆ ಕೊನೆಯದು. ಬೆಳೆಯುವುದು ಗಾತ್ರ ಮಾತ್ರ. ಸ್ಪೈನೋಡಲ್ ದಾರಿಯಲ್ಲಿ ಮೊದಲ ಗಳಿಗೆಯಲ್ಲೇ ಗೊತ್ತಾಗಿಬಿಡುವುದು ಅಲೆಗಳ ನಡುವಿನ ಅಂತರ. ಬೆಳೆಯುವುದು ಪ್ರಮಾಣದ ವ್ಯತ್ಯಾಸ. ಎಕ್ಸ್-ರೇ ಚದುರಿಸಿ ನೋಡಿದರೆ ಆ ಅಂತರಕ್ಕೆ ತಕ್ಕ ಶಿಖರ ನಿಂತಲ್ಲೇ ನಿಂತು ಎತ್ತರವಾಗುತ್ತದೆ. ಅದು ಜಾಗ ಬಿಟ್ಟು ಕದಲತೊಡಗಿದರೆ, ಸಣ್ಣವನ್ನು ದೊಡ್ಡವು ನುಂಗುವ ಮುಂದಿನ ಹಂತ ಬಂದಿದೆ ಎಂದರ್ಥ. ಅಲ್ಲಿಂದಾಚೆ ಎರಡು ದಾರಿಗಳನ್ನು ಬೇರ್ಪಡಿಸುವುದು ಕಷ್ಟ.

ತುಪ್ಪದ ಹರಳನ್ನು ಬೆರಳಲ್ಲಿ ಹಿಡಿದು ಇದು ಇಲ್ಲಿ ಶುರುವಾಯಿತು ಎನ್ನಬಹುದು. ವೈಕಾರ್‌ನ ಹೆಣಿಗೆ ಸ್ಪೈನೋಡಲ್ ದಾರಿಯಲ್ಲಿ ಬಂದದ್ದಾದರೆ, ಎಲ್ಲಿ ಶುರುವಾಯಿತು ಎಂದು ಕೇಳಿದರೆ ಬೆರಳಿಟ್ಟು ತೋರಿಸಲು ಅದರಲ್ಲಿ ಒಂದು ಜಾಗವೂ ಇಲ್ಲ.