ಪುಟದ ಬೀಗದಕೈ

ಮಜೂರಿ ಕೊಡದವನ ಬಟ್ಟೆಯನ್ನು ದರ್ಜಿ ಹಿಡಿದಿಟ್ಟುಕೊಳ್ಳಬಹುದೇ? 1872ರ ಭಾರತೀಯ ಕರಾರು ಕಾಯ್ದೆಯ 170ನೇ ಕಲಮು ಇಂಥ ಪ್ರಶ್ನೆಯನ್ನು ಎತ್ತಿಕೊಳ್ಳುತ್ತದೆ. ಕೈಚಳಕ ಬಳಸಿ ಕೆಲಸ ಮಾಡಿದವನು ಕೂಲಿ ಸಿಗುವವರೆಗೆ ಆ ವಸ್ತುವನ್ನು ತನ್ನಲ್ಲೇ ಇಟ್ಟುಕೊಳ್ಳಬಹುದು. ಆದರೆ ಮೂರು ತಿಂಗಳ ಉದ್ದರಿಗೆ ಕೋಟು ಹೊಲಿದು ಕೊಡುತ್ತೇನೆಂದು ಒಪ್ಪಿದ ದರ್ಜಿಗೆ ಆ ಹಕ್ಕಿಲ್ಲವೆಂದು ಅದೇ ಕಲಮಿನ ಉದಾಹರಣೆ ಹೇಳುತ್ತದೆ.

ಈಗ ಬಜಾರಿಗೆ ಹೊಸ ಬಗೆಯ ದರ್ಜಿಗಳು ಬಂದಿದ್ದಾರೆ. ಒಂದು ಮೊಬೈಲು, ಕ್ಯಾನ್ವಾದಂಥ ಒಂದು ಆ್ಯಪು, ಇಷ್ಟನ್ನೇ ಬಂಡವಾಳ ಮಾಡಿಕೊಂಡು ಚಪ್ಪಲಿ ಅಂಗಡಿ, ಬೇಕರಿ, ಬಟ್ಟೆ ಅಂಗಡಿಗಳ ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಪುಟಗಳನ್ನು ತಿಂಗಳ ಲೆಕ್ಕದಲ್ಲಿ ನೋಡಿಕೊಳ್ಳುವ ಹುಡುಗ ಹುಡುಗಿಯರು. ಇವರ ಕೆಲಸದಲ್ಲೂ ದರ್ಜಿಯ ಆ ಹಳೆಯ ಪ್ರಶ್ನೆ ಎದುರಾಗುತ್ತದೆ, ಆದರೆ ಉತ್ತರ ಅಷ್ಟು ಸುಲಭವಲ್ಲ.

ಒಂದು ಬಟ್ಟೆ ಅಂಗಡಿಯನ್ನು ಊಹಿಸಿಕೊಳ್ಳೋಣ. ತಿಂಗಳಿಗೆ ಹನ್ನೆರಡು ಪೋಸ್ಟರು, ಬಂದ ಸಂದೇಶಗಳಿಗೆ ಉತ್ತರ, ಸಂಬಳ 3,000 ರೂಪಾಯಿ. ಮೊದಲ ದಿನವೇ ಮಾಲೀಕರು, "ನನಗೆ ಅದೆಲ್ಲ ತಿಳಿಯೋದಿಲ್ಲಪ್ಪಾ, ನೀನೇ ಮಾಡಿಕೋ" ಎಂದರು. ಹುಡುಗ ಪುಟವನ್ನು ತನ್ನದೇ ಫೇಸ್‌ಬುಕ್ ಖಾತೆಯಿಂದ ತೆರೆದ. ಇನ್‌ಸ್ಟಾಗ್ರಾಮಿಗೆ ಕೊಟ್ಟದ್ದು ಅವನ ಇಮೇಲ್, ಓಟಿಪಿ ಬರುವುದು ಅವನ ಫೋನಿಗೆ. ಎರಡು ವರ್ಷ ಸುಸೂತ್ರವಾಗಿ ನಡೆಯಿತು. ಆಮೇಲೆ ಎರಡು ತಿಂಗಳ ಹಣ, ಅಂದರೆ 6,000 ರೂಪಾಯಿ ಬಾಕಿ ಬಿತ್ತು. ಎದುರಿಗೆ ರಮಝಾನ್. "ಹಣ ಕೊಡಿ, ಪಾಸ್‌ವರ್ಡ್ ಕೊಡುತ್ತೇನೆ" ಎನ್ನುತ್ತಾನೆ ಹುಡುಗ.

ತಯಾರಾಗಿದ್ದೂ ಇನ್ನೂ ಹಾಕದ ಪೋಸ್ಟರುಗಳನ್ನು ಅವನು ತಡೆದರೆ ನಾವು ತಕರಾರು ಮಾಡುವುದಿಲ್ಲ. ಅವು ಅವನು ಹೊಲಿದ ಕೋಟು. ಪುಟ ಹಾಗಲ್ಲ. ಅದರ ಮೇಲಿರುವುದು ಅಂಗಡಿಯ ಹೆಸರು. ಅದನ್ನು ಬೆಳೆಸಿದ ಇಪ್ಪತ್ತನಾಲ್ಕು ತಿಂಗಳ ದುಡಿಮೆಗೆ ಕೂಲಿ ಸಂದಿದೆ. ಇನ್ನೂ ಮುಖ್ಯವಾದ ವ್ಯತ್ಯಾಸವೊಂದಿದೆ. ದರ್ಜಿಯ ಪೆಟ್ಟಿಗೆಯಲ್ಲಿರುವ ಬಟ್ಟೆ ಸುಮ್ಮನಿರುತ್ತದೆ, ಪುಟ ಸುಮ್ಮನಿರುವುದಿಲ್ಲ. ಮುಗಿದುಹೋದ ರಿಯಾಯಿತಿಯ ಪೋಸ್ಟರು ಅಲ್ಲೇ ನೇತಾಡುತ್ತಿರುತ್ತದೆ. ಅದನ್ನು ನಂಬಿ ಯಾರೋ ಹಳ್ಳಿಯಿಂದ ಬಸ್ಸು ಹತ್ತುತ್ತಾರೆ. ಅಳತೆ, ವಿಳಾಸ, ಫೋನ್ ನಂಬರು ಬರೆದು ಕಳಿಸಿದ ಹೆಣ್ಣುಮಕ್ಕಳ ಸಂದೇಶಗಳು ಒಳಗೆ ಬಂದು ಬೀಳುತ್ತಲೇ ಇರುತ್ತವೆ. ಅವರು ಅದನ್ನು ಅಂಗಡಿಯನ್ನು ನಂಬಿ ಕೊಟ್ಟರು. ಈ ಜಗಳದಲ್ಲಿ ಅವರಿಲ್ಲ. ಅಮಾನತ್ ಎಂಬ ಮಾತಿಗೆ ಇಲ್ಲಿ ಸರಿಯಾದ ಜಾಗವಿದೆ: ಮೂರನೆಯವರು ನಂಬಿ ಇಟ್ಟದ್ದನ್ನು ಇಬ್ಬರ ಲೆಕ್ಕಕ್ಕೆ ಒತ್ತೆ ಇಡಲಾಗದು.

ಹಾಗೆಂದು ಸಾಹುಕಾರರ ಪರ ಮಾತಾಡಿದೆವೆಂದು ಯಾರೂ ತಿಳಿಯಬಾರದು. ಒಂದೇ ಪೋಸ್ಟರನ್ನು ಆರು ಸಲ ತಿದ್ದಿಸಿ, ಪಾಸ್‌ವರ್ಡ್ ಕೈಗೆ ಬಂದ ಮರುದಿನ ತಮ್ಮ ಅಳಿಯನಿಗೆ ಕೆಲಸ ಒಪ್ಪಿಸುವವರೂ ಇದ್ದಾರೆ. ಹುಡುಗ ಬೀಗದಕೈ ಬಿಡದಿರುವುದು ದುರಾಸೆಯಿಂದಲ್ಲ, ಬೇರೆ ಆಧಾರವೇ ಇಲ್ಲದ ಭಯದಿಂದ.

ಆದ್ದರಿಂದ ಮೊದಲ ದಿನದ ಏರ್ಪಾಟೇ ಮುಖ್ಯ. ಫೇಸ್‌ಬುಕ್ ಪುಟವನ್ನು ಮಾಲೀಕರ ಸ್ವಂತ ಖಾತೆಯಿಂದಲೇ ತೆರೆಯಬೇಕು, ಹುಡುಗ ಪಕ್ಕದಲ್ಲಿ ಕುಳಿತು ತೋರಿಸಲಿ. ಆಮೇಲೆ ಸೆಟ್ಟಿಂಗ್ಸ್‌ನ Page access ಎಂಬಲ್ಲಿ ಹುಡುಗನನ್ನು ಸೇರಿಸಬೇಕು, ಆದರೆ full control ಕೊಡದೆ. ಅಷ್ಟರಲ್ಲೇ ಅವನು ಪೋಸ್ಟರು ಹಾಕಬಹುದು, ಸಂದೇಶಗಳಿಗೆ ಉತ್ತರಿಸಬಹುದು. ಇನ್ನೊಬ್ಬರನ್ನು ಸೇರಿಸುವುದು, ತೆಗೆಯುವುದು, ಪುಟವನ್ನೇ ಅಳಿಸುವುದು ಮಾತ್ರ ಆಗದು. ಪೂರ್ತಿ ಹಿಡಿತ ಕೊಟ್ಟರೆ ಮಾಲೀಕರನ್ನೇ ಹೊರಹಾಕುವ ಅಧಿಕಾರವೂ ಅದರ ಜೊತೆಗೆ ಹೋಗುತ್ತದೆ. ಇನ್‌ಸ್ಟಾಗ್ರಾಮಿನಲ್ಲಿ ಅಂಗಡಿಯ ನಂಬರನ್ನೇ ಕೊಟ್ಟು, ಅದನ್ನು ಈ ಪುಟಕ್ಕೆ ಜೋಡಿಸಿದರೆ ಪಾಸ್‌ವರ್ಡ್ ತಿಳಿಯದೆಯೇ Meta Business Suite ಮೂಲಕ ಎರಡನ್ನೂ ನೋಡಿಕೊಳ್ಳಬಹುದು. ಮಾಲೀಕರ ಒಂದೇ ಖಾತೆಯನ್ನು ನಂಬಿ ಕೂರುವುದೂ ಅಪಾಯ. ಅದು ಬಂದ್ ಆದರೆ ಪುಟ ಅನಾಥ. ಮನೆಯ ಇನ್ನೊಬ್ಬರಿಗೂ ಪೂರ್ತಿ ಹಿಡಿತವಿರಲಿ (ಅಣ್ಣತಮ್ಮಂದಿರು ಪಾಲಾಗುವ ಹಂತದಲ್ಲಿದ್ದರೆ ಯಾರಿಗೆ ಎಂಬುದನ್ನು ಯೋಚಿಸಿ).

ಈಗಾಗಲೇ ಪುಟವಿರುವ ಅಂಗಡಿಯವರು ಇವತ್ತೇ ಒಂದು ಪರೀಕ್ಷೆ ಮಾಡಬಹುದು. ತಮ್ಮ ಫೋನಿನಲ್ಲಿ ಪುಟವನ್ನು ತೆರೆದು Page access ಹುಡುಕಲಿ. ಅದು ಕಾಣಿಸದಿದ್ದರೆ, ಅಥವಾ ಅಲ್ಲಿ full control ಇರುವವರಲ್ಲಿ ತಮ್ಮ ಹೆಸರಿಲ್ಲದಿದ್ದರೆ, ತಮ್ಮದೇ ಬೋರ್ಡಿನ ಕೆಳಗೆ ತಾವು ಬಾಡಿಗೆದಾರರು. ಜಗಳವಿಲ್ಲದ ದಿನಗಳಲ್ಲೇ ಹುಡುಗನಿಂದ ಅದನ್ನು ಸರಿಪಡಿಸಿಕೊಳ್ಳುವುದು ಸುಲಭ.

ಹಾಗಾದರೆ ಹುಡುಗನ ಕೂಲಿಗೆ ಭದ್ರತೆ ಏನು? ಉದ್ದರಿಗೆ ಒಪ್ಪಿದ ದರ್ಜಿಯ ಸ್ಥಿತಿಗೆ ಅವನು ಬರಬಾರದು, ಅಷ್ಟೇ. ತಿಂಗಳ ಒಂದನೇ ತಾರೀಕು ಹಣ ಮುಂಗಡ. ಬಾರದಿದ್ದರೆ ಎರಡನೇ ತಾರೀಕಿನಿಂದ ಪೋಸ್ಟರಿಲ್ಲ, ಪುಟ ಮಾತ್ರ ಮಾಲೀಕರ ಕೈಯಲ್ಲೇ. ತಿದ್ದುವುದು ಎಷ್ಟು ಸಲ ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದಿಡಲಿ. ಅಂಗಡಿಯ ಬಾಡಿಗೆಯನ್ನು ಐದನೇ ತಾರೀಕಿನೊಳಗೆ ತಪ್ಪದೆ ಕಟ್ಟುವ ಸಾಹುಕಾರರು ತನಗೆ ಮಾತ್ರ ಇಪ್ಪತ್ತನೇ ತಾರೀಕು ತೋರಿಸುವುದೇಕೆ ಎಂದು ಅವನು ಕೇಳಲಿ, ಕೆಲಸ ಒಪ್ಪಿಕೊಳ್ಳುವ ಮೊದಲೇ.